ಸಾರಿ ಸರ್, ಒಂದು ಸಣ್ಣ ಡೌಟ್

ನಮ್ಮ ಅಕೌಂಟ್ಸ್ ಸೆಕ್ಷನ್ನಿಗೆ ಎಂಟು ತಿಂಗಳ ಹಿಂದೆ ತಿಪಟೂರು ಕಡೆಯ ಒಬ್ಬ ಹುಡುಗ ಬಂದು ಸೇರಿದ. ಬಿ.ಕಾಂ. ಓದಿದವನು. ಲೆಕ್ಕದಲ್ಲಿ ಚುರುಕು, ಟ್ಯಾಲಿಯಲ್ಲಿ ಕೈ ಓಡುವ ವೇಗ ನೋಡಿದರೆ ನಮಗೆಲ್ಲ ವಯಸ್ಸಾಯ್ತು ಅನ್ನಿಸುತ್ತೆ. ಚಾಳಿ ಅಂತ ಇದ್ದರೆ ಒಂದೇ. ಕುರ್ಚಿ ಎಳೆದುಕೊಂಡರೆ ಸಾರಿ. ಸ್ಟೇಪ್ಲರ್ ಕೇಳುವಾಗ ಸಾರಿ. ಒಂದು ದಿನ ಕಾಫಿ ಮೆಷಿನ್ ಹತ್ತಿರ ನಾನೇ ಅವನ ಕಾಲು ತುಳಿದೆ, ಆಗಲೂ ಅವನೇ ಸಾರಿ ಮೇಡಂ ಅಂದ.

ಮಾತಿನಲ್ಲಿ ಆದರೆ ಪರವಾಗಿಲ್ಲ, ಗಾಳಿಗೆ ಹೋಗುತ್ತೆ. ತೊಂದರೆ ಆಗಿದ್ದು ಮೇಲ್‌ಗಳಲ್ಲಿ. ಆಗಸ್ಟಿನಲ್ಲಿ ಒಬ್ಬ ಸಪ್ಲೈಯರ್‌ನ ಬಿಲ್ಲಿನಲ್ಲಿ ಏನೋ ಎಡವಟ್ಟಾಗಿದೆ ಅಂತ ನಮ್ಮ ಫೈನಾನ್ಸ್ ಹೆಡ್ಡಿಗೆ ಇವನು ಮೇಲ್ ಹಾಕಿದ್ದ. ಅವರು ಅದನ್ನು ಏರ್‌ಪೋರ್ಟಿನಲ್ಲಿ ಫೋನಿನಲ್ಲಿ ನೋಡಿದ್ದಾರೆ, ಮೊದಲ ಎರಡು ಸಾಲು ಕ್ಷಮೆ, ವಿಷಯದ ಜಾಗದಲ್ಲಿ ‘ಸ್ಮಾಲ್ ಡೌಟ್’. ಆಮೇಲೆ ನೋಡಿದರಾಯ್ತು ಅಂತ ಬಿಟ್ಟಿದ್ದಾರೆ. ಆ ಆಮೇಲೆ ಬರಲೇ ಇಲ್ಲ. ಪೇಮೆಂಟ್ ಪೂರ್ತಿ ಹೋಯ್ತು, ದುಡ್ಡು ಕೈಗೆ ಬಂದ ಮೇಲೆ ಸಪ್ಲೈಯರ್ ಫೋನ್ ಎತ್ತುವುದನ್ನೂ ನಿಲ್ಲಿಸಿದ. ‘ಈ ಹುಡುಗ ಮೊದಲೇ ಹೇಳಬೇಕಿತ್ತಲ್ವಾ’ ಅಂತ ಹೆಡ್ಡು ಕೇಳಿದಾಗ ಇವನು ತಲೆ ತಗ್ಗಿಸಿ ಸಾರಿ ಸರ್ ಅಂದ. ಹೇಳಿದ್ದೆ ಅಂತ ಹೇಳುವುದಕ್ಕೂ ಅವನಿಗೆ ಸಾರಿ ಅಡ್ಡ ಬಂತು.

ಹಾಗಾಗಿ ಅಕ್ಟೋಬರ್ 15ರ ಬೆಳಗ್ಗೆ ಅಂಥದ್ದೇ ಇನ್ನೊಂದು ಸಿಕ್ಕಿದಾಗ, ಕಳಿಸುವ ಮೊದಲು ನನ್ನ ಹತ್ತಿರ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. ‘ಮೇಡಂ, ಸಾರಿ, ಒಂದ್ನಿಮಿಷ ನೋಡ್ತೀರಾ?’

ಮೇಲ್ ಇಂಗ್ಲಿಷಿನಲ್ಲಿತ್ತು. ನಮ್ಮ ಆಫೀಸುಗಳಲ್ಲಿ ಊಟದ ಮಾತು ಕನ್ನಡ, ಮೇಲ್ ಮಾತ್ರ ಇಂಗ್ಲಿಷ್. ಅದನ್ನು ನಮ್ಮ ಮಾತಿನಲ್ಲಿ ಹೇಳಿದರೆ ಹೀಗೆ:

‘ರೆಸ್ಪೆಕ್ಟೆಡ್ ಸರ್, ಗುಡ್ ಮಾರ್ನಿಂಗ್. ನಿಮ್ಮ ಬ್ಯುಸಿ ಟೈಮಿನಲ್ಲಿ ಡಿಸ್ಟರ್ಬ್ ಮಾಡುತ್ತಿರುವುದಕ್ಕೆ ಮೊದಲಿಗೆ ಸಾರಿ. ಜಸ್ಟ್ ಒಂದು ಸಣ್ಣ ಡೌಟ್ ಇತ್ತು, ಕೇಳೋಣ ಅಂತ. ನನ್ನದೇ ತಪ್ಪಿರಬಹುದು, ಆದರೂ ನನಗನ್ನಿಸಿದ ಹಾಗೆ ಒಂದು ವೆಂಡರ್‌ನ ಇನ್‌ವಾಯ್ಸ್ ಬಹುಶಃ 2ಬಿಯಲ್ಲಿ ಕಾಣುತ್ತಿಲ್ಲವೇನೋ. ಅಮೌಂಟ್ ಸ್ವಲ್ಪ ಜಾಸ್ತಿ ಇದೆ. ಸಾರಿ, ನಿಮಗೆ ಈಗಾಗಲೇ ಗೊತ್ತಿದ್ದರೆ ಪ್ಲೀಸ್ ಇಗ್ನೋರ್ ಮಾಡಿ. ನಿಮಗೆ ಟೈಮ್ ಸಿಕ್ಕಾಗ, ಸಾಧ್ಯವಾದರೆ, ಪೇಮೆಂಟ್ ಬಗ್ಗೆ ಸ್ವಲ್ಪ ಗೈಡ್ ಮಾಡಿದರೆ ತುಂಬಾ ಉಪಕಾರವಾಗುತ್ತೆ. ಸಾರಿ ಫಾರ್ ದಿ ಇನ್‌ಕನ್ವೀನಿಯನ್ಸ್. ಕೈಂಡ್ಲಿ ಡು ದಿ ನೀಡ್‌ಫುಲ್.’

ಓದಿ ನಾನು ಕೇಳಿದ್ದು ಒಂದೇ ಪ್ರಶ್ನೆ. ‘ಈಗ ಅವರು ಏನು ಮಾಡಬೇಕು?’

‘ನೀಡ್‌ಫುಲ್ ಮೇಡಂ.’

‘ಅಂದ್ರೆ?’

ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಪೇಮೆಂಟ್ ತಡೀಬೇಕು’ ಅಂದ. ಅಷ್ಟುದ್ದದ ಮೇಲ್‌ನಲ್ಲಿ ತಡೆಯಿರಿ ಅನ್ನುವ ಮಾತು ಎಲ್ಲೂ ಇರಲಿಲ್ಲ.

ಅಕೌಂಟ್ಸ್ ಗೊತ್ತಿಲ್ಲದವರಿಗೆ ವಿಷಯ ಏನು ಅಂತ ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇವನ ಸಂಕೋಚ ಎಷ್ಟು ದುಬಾರಿ ಅಂತ ಗೊತ್ತಾಗಲ್ಲ. ನಾವು ಸಾಮಾನು ಕೊಂಡಾಗ ಬಿಲ್ಲಿನ ಮೇಲೆ ಜಿಎಸ್‌ಟಿ ಕಟ್ಟುತ್ತೇವೆ. ಆ ಜಿಎಸ್‌ಟಿಯನ್ನು ನಾವು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು, ಅದಕ್ಕೆ ಇನ್‌ಪುಟ್ ಕ್ರೆಡಿಟ್ ಅಂತಾರೆ. ಆದರೆ ನಮಗೆ ಮಾರಿದವನು ಆ ಬಿಲ್ಲನ್ನು ತನ್ನ ರಿಟರ್ನಿನಲ್ಲಿ ನಮ್ಮ ಹೆಸರಿಗೆ ತೋರಿಸಿರಬೇಕು. ತಿಂಗಳಿಗೊಮ್ಮೆ ಫೈಲ್ ಮಾಡುವವರಿಗೆ ಅದರ ಕೊನೇ ದಿನ ಮುಂದಿನ ತಿಂಗಳ 11. 14ನೇ ತಾರೀಕು ಪೋರ್ಟಲ್ ನಮಗೆ 2ಬಿ ಅನ್ನುವ ಪಟ್ಟಿ ಕೊಡುತ್ತೆ, ಯಾರ್ಯಾರು ನಮ್ಮ ಹೆಸರಿಗೆ ಏನೇನು ತೋರಿಸಿದ್ದಾರೆ ಅಂತ. 20ಕ್ಕೆ ನಾವು 3ಬಿ ಅನ್ನುವ ನಮ್ಮ ರಿಟರ್ನ್ ಫೈಲ್ ಮಾಡಿ ತೆರಿಗೆ ಕಟ್ಟಬೇಕು. 2022ರ ಜನವರಿಯಿಂದ 2ಬಿಯಲ್ಲಿ ಇಲ್ಲದ ಬಿಲ್ಲಿಗೆ ಕ್ರೆಡಿಟ್ ಇಲ್ಲ. ಇವನು ಹಿಡಿದ ಬಿಲ್ಲು 7 ಲಕ್ಷದ್ದು, ಮೇಲೆ ಶೇಕಡಾ 18ರಂತೆ ತೆರಿಗೆ 1,26,000. ಈ ಬಿಲ್ಲು ಪಟ್ಟಿಯಲ್ಲಿ ಬರುವ ತನಕ ಆ 1,26,000 ನಮ್ಮ ಜೇಬಿನಿಂದಲೇ ಹೋಗುತ್ತೆ. ಇದನ್ನು ಅವನು ‘ಅಮೌಂಟ್ ಸ್ವಲ್ಪ ಜಾಸ್ತಿ ಇದೆ’ ಅಂತ ಬರೆದಿದ್ದ.

ಈಗ ಆ ಒಂದು ವಾಕ್ಯವನ್ನು ಇನ್ನೊಮ್ಮೆ ನೋಡಿ. ‘ನನ್ನದೇ ತಪ್ಪಿರಬಹುದು, ನನಗನ್ನಿಸಿದ ಹಾಗೆ, ಬಹುಶಃ, ಕಾಣುತ್ತಿಲ್ಲವೇನೋ.’ ಒಂದೇ ವಿಷಯಕ್ಕೆ ನಾಲ್ಕು ಊರುಗೋಲು. ನಾನು ಕೇಳಿದೆ, ನೀನು 2ಬಿ ತೆಗೆದು ನೋಡಿದೆಯಾ? ನೋಡಿದೆ ಮೇಡಂ, ಎಕ್ಸೆಲ್‌ಗೆ ಇಳಿಸಿಕೊಂಡು ಮೂರು ಸಲ ಫಿಲ್ಟರ್ ಹಾಕಿದೆ. ಇನ್‌ವಾಯ್ಸ್ ನಂಬರ್ ತಪ್ಪಾಗಿ ಹೊಡೆದಿದ್ದಾರೇನೋ ಅಂತ ಅಮೌಂಟ್ ಹಾಕಿಯೂ ಹುಡುಕಿದೆ. ಅದೇ ವೆಂಡರ್‌ನ ಬೇರೆ ಮೂರು ಬಿಲ್ಲು ಬಂದಿದೆ, ಇದೊಂದು ಇಲ್ಲ. ಹಾಗಾದರೆ ‘ಇಲ್ಲ’ ಅನ್ನುವುದು ನಿನಗೆ ಗೊತ್ತು ತಾನೇ? ಗೊತ್ತು ಮೇಡಂ. ಮತ್ತೆ ‘ಏನೋ’ ಯಾಕೆ?

ಇದು ಇವನೊಬ್ಬನ ಕಥೆಯಲ್ಲ. ಹೊಸಬರು ಹಾಕುವ ‘ಬಹುಶಃ’ಗಳನ್ನು ನಾನು ಗಮನಿಸಿದ ಹಾಗೆ, ಅವು ಜಾಸ್ತಿ ಕೂರುವುದು ಕಣ್ಣಾರೆ ನೋಡಿದ ವಿಷಯದ ಮೇಲೆ. ನಿಜವಾಗಿ ಗೊತ್ತಿಲ್ಲದ ವಿಷಯ ಮೇಲ್‌ನಲ್ಲಿ ಇರುವುದೇ ಇಲ್ಲ. ಆ ಬಿಲ್ಲು ಯಾಕೆ ಬಿಟ್ಟುಹೋಯ್ತು ಅನ್ನುವುದು ಇವನಿಗೆ ಗೊತ್ತಿರಲಿಲ್ಲ. ಬೇರೆ ಗಿರಾಕಿಯ ಜಿಎಸ್‌ಟಿ ನಂಬರಿಗೆ ಹಾಕಿರಬಹುದು, ಮರೆತಿರಬಹುದು, ನಂಬರ್ ಇಲ್ಲದ ಚಿಲ್ಲರೆ ಗಿರಾಕಿಗಳ ಲೆಕ್ಕದಲ್ಲಿ ಸೇರಿಸಿರಬಹುದು. ‘ಬಹುದು’ ಬರಬೇಕಾದ ಜಾಗ ಅದು. ಅದರ ಬಗ್ಗೆ ಮೇಲ್‌ನಲ್ಲಿ ಒಂದಕ್ಷರ ಇಲ್ಲ. ಗೊತ್ತಿದ್ದದ್ದರ ಮೇಲೆ ಅನುಮಾನದ ಮುಸುಕು ಹಾಕಿ, ಗೊತ್ತಿಲ್ಲದ್ದನ್ನು ಮನೆಯಲ್ಲೇ ಬಿಟ್ಟು ಬಂದ ಹಾಗೆ. ಓದುವ ಹೆಡ್ಡಿಗೆ ಇದರಿಂದ ಏನು ಗೊತ್ತಾಗಬೇಕು? ಈ ಹುಡುಗನಿಗೇ ಗ್ಯಾರಂಟಿ ಇಲ್ಲ, ಮೊದಲು ಸರಿಯಾಗಿ ಚೆಕ್ ಮಾಡಲಿ ಅಂತ ಪಕ್ಕಕ್ಕಿಡುತ್ತಾರೆ.

ಅವನ ಮುಖ ನೋಡಿದರೆ ಪಾಪ ಅನ್ನಿಸಿತು. ‘ಇದನ್ನೆಲ್ಲ ತೆಗೆದ್ರೆ ಮರ್ಯಾದೆ ಕೊಡದ ಹಾಗಾಗಲ್ವಾ ಮೇಡಂ?’ ಅಂದ. ಆಗ ನನಗೆ ಹೊಳೆಯಿತು, ಇವನು ಸಾರಿ ಅಂತ ಬರೆಯುತ್ತಿರುವುದು ತಪ್ಪೊಪ್ಪಿಗೆಗೆ ಅಲ್ಲವೇ ಅಲ್ಲ. ಇವನು ಹುಡುಕುತ್ತಿರುವುದು ‘ರೀ’ಯನ್ನು.

ಯೋಚಿಸಿ ನೋಡಿ. ಕನ್ನಡದಲ್ಲಿ ಇವನು ಹೆಡ್ಡಿನ ಮುಂದೆ ನಿಂತಿದ್ದರೆ ‘ಸರ್, ಆ ಬಿಲ್ಲು 2ಬಿಯಲ್ಲಿ ಬಂದಿಲ್ಲ, ಪೇಮೆಂಟ್ ತಡೀತೀರಾ?’ ಅಂತಿದ್ದ, ಮುಗೀತು. ಆ ‘ತೀರಾ’ದಲ್ಲೇ ಎಲ್ಲ ಇದೆ. ಸಾರಿ ಬೇಡ, ದಯವಿಟ್ಟು ಬೇಡ, ಗೌರವ ಕ್ರಿಯಾಪದದ ಬಾಲದಲ್ಲೇ ಅಂಟಿಕೊಂಡು ಬರುತ್ತೆ. ನಾವು ಕನ್ನಡದಲ್ಲಿ ಸಣ್ಣಪುಟ್ಟದ್ದಕ್ಕೆ ಕ್ಷಮಿಸಿ ಅನ್ನುವುದೂ ಇಲ್ಲ. ಬಸ್ಸಿನಲ್ಲಿ ಕಾಲು ತುಳಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ, ಬಾಯಲ್ಲಿ ಏನೂ ಹೇಳುವುದಿಲ್ಲ. ಇಂಗ್ಲಿಷಿಗೆ ಹೋದ ತಕ್ಷಣ ಇದೆಲ್ಲ ಮಾಯ. ಅಲ್ಲಿ ಹೆಡ್ಡಿಗೂ ಯು, ಆಫೀಸ್ ಬೆಕ್ಕಿಗೂ ಯು. ನಮ್ಮ ಹುಡುಗರಿಗೆ ಬರಿಗೈಯಲ್ಲಿ ದೊಡ್ಡವರ ಮನೆಗೆ ಹೋದ ಹಾಗೆ ಆಗುತ್ತೆ. ಅದಕ್ಕೇ ಹೋಗುವಾಗ ಒಂದು ಸಾರಿ, ಎರಡು ಜಸ್ಟ್, ಒಂದು ಕೈಂಡ್ಲಿ ಕಟ್ಟಿಕೊಂಡು ಹೋಗುತ್ತಾರೆ. ಇಂಗ್ಲಿಷನ್ನೇ ಮಾತಾಡಿಕೊಂಡು ಬೆಳೆದವರು ಓದಿದರೆ ಅದರಲ್ಲಿ ಮರ್ಯಾದೆ ಕಾಣಲ್ಲ, ಈ ಹುಡುಗ ಏನೋ ಯಡವಟ್ಟು ಮಾಡಿದ್ದಾನೆ ಅಂತ ಕಾಣುತ್ತೆ. ನಮ್ಮ ಹೆಡ್ಡು ಧಾರವಾಡದವರು, ಆದರೂ ಇಪ್ಪತ್ತು ವರ್ಷ ಇಂಗ್ಲಿಷ್ ಮೇಲ್ ಓದಿ ಓದಿ ಅವರ ಕಣ್ಣೂ ಹಾಗೇ ಆಗಿದೆ.

ತಮಾಷೆ ಅಂದ್ರೆ, ಬರವಣಿಗೆಯಲ್ಲಿ ವಿಷಯಕ್ಕೆ ನೇರ ಬರುವುದನ್ನು ನಾವೆಲ್ಲ ಸ್ಕೂಲಲ್ಲೇ ಕಲಿತಿದ್ದೇವೆ. ರಜಾ ಚೀಟಿ ನೆನಪಿದೆಯಾ? ‘ಇಂದ’, ‘ಗೆ’, ‘ಮಾನ್ಯರೇ’, ಮಧ್ಯದಲ್ಲಿ ಗೆರೆ ಎಳೆದು ‘ವಿಷಯ: ಎರಡು ದಿನ ರಜೆ ಕೋರಿ’. ಕೆಳಗೆ ‘ನನಗೆ ಜ್ವರ ಬಂದಿರುವುದರಿಂದ ಇದೇ ತಿಂಗಳ 12 ಮತ್ತು 13ರಂದು ರಜೆ ಕೊಡಬೇಕಾಗಿ ವಿನಂತಿ’. ಏನಾಯ್ತು, ಯಾವಾಗ, ಎಷ್ಟು ದಿನ, ಏನು ಬೇಕು. ಒಂದೂ ಸಾರಿ ಇಲ್ಲ. ಜ್ವರ ಬಂದಿದ್ದಕ್ಕೆ ಹೆಡ್‌ಮಾಸ್ಟರ ಹತ್ತಿರ ಕ್ಷಮೆ ಕೇಳಬೇಕು ಅಂತ ನಾಲ್ಕನೇ ಕ್ಲಾಸಿನಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಮರ್ಯಾದೆಯೆಲ್ಲ ‘ಮಾನ್ಯರೇ’ಯಲ್ಲೂ ‘ವಿನಂತಿ’ಯಲ್ಲೂ ಕೂತು, ಮಧ್ಯದ ಜಾಗವನ್ನು ವಿಷಯಕ್ಕೆ ಬಿಟ್ಟುಕೊಟ್ಟಿತ್ತು. ನಾನು ಅವನಿಗೆ ಹೇಳಿದೆ, ರಜಾ ಚೀಟಿ ಥರ ಬರಿ ಅಂತ. ನಕ್ಕ. ನಾನು ತಮಾಷೆ ಮಾಡಿರಲಿಲ್ಲ.

ಭಾಷಾಶಾಸ್ತ್ರ ಓದಿದ ನನ್ನ ಗೆಳತಿಯೊಬ್ಬಳು ಹಿಂದೆ ಯಾವಾಗಲೋ ಹೇಳಿದ್ದು ಇಲ್ಲಿ ಉಪಯೋಗಕ್ಕೆ ಬಂತು. ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್‌ಸನ್ ಅಂತ ಇಬ್ಬರು 1978ರಲ್ಲಿ ಜನ ವಿನಯದಿಂದ ಮಾತಾಡುವುದು ಹೇಗೆ ಅಂತ ಬರೆದರು. ಅವರು ಇಂಗ್ಲಿಷಿನ ಜೊತೆ ಹತ್ತಿರದಿಂದ ನೋಡಿದ್ದು ಮೆಕ್ಸಿಕೋದ ಒಂದು ಮಾಯಾ ಭಾಷೆಯನ್ನು ಮತ್ತು ನಮ್ಮ ಪಕ್ಕದ ತಮಿಳನ್ನು. ಅವರ ಪ್ರಕಾರ ಮಾತನ್ನು ಎಷ್ಟು ಮೆತ್ತಗೆ ಮಾಡಬೇಕು ಅನ್ನುವುದಕ್ಕೆ ಮೂರು ಅಳತೆ. ಇಬ್ಬರ ನಡುವೆ ದೂರ ಎಷ್ಟು, ಯಾರ ಕೈಯಲ್ಲಿ ಅಧಿಕಾರ ಎಷ್ಟು, ಕೇಳುತ್ತಿರುವುದು ಎಷ್ಟು ದೊಡ್ಡ ಹೊರೆ. ಮೂರನ್ನೂ ಕೂಡಿಸಿ ಮನಸ್ಸು ಲೆಕ್ಕ ಹಾಕುತ್ತೆ. ನಮ್ಮ ಹುಡುಗ ಅಧಿಕಾರವೊಂದನ್ನೇ ಲೆಕ್ಕಕ್ಕೆ ತಗೊಂಡು ಹೊರೆಯನ್ನು ಮರೆತಿದ್ದ. ಹೆಡ್ಡಿನ ಹತ್ತಿರ ಹದಿನೈದು ದಿನ ರಜೆ ಕೇಳಿದರೆ ಅದು ಹೊರೆ, ಅಲ್ಲಿ ಸ್ವಲ್ಪ ಮೆತ್ತಗೆ ಮಾತಾಡಲಿ. 1,26,000 ರೂಪಾಯಿ ಕೈಬಿಡುವುದರಲ್ಲಿದೆ ಅಂತ ಎಚ್ಚರಿಸುವುದು ಯಾವ ಸೀಮೆ ಹೊರೆ? ಅವರ ಸಂಬಳದ ಕೆಲಸವೇ ಅದು. ಮನೆಗೆ ಬೆಂಕಿ ಬಿದ್ದಿದೆ ಅಂತ ಹೇಳಲು ಹೋದವನು ಬಾಗಿಲು ತಟ್ಟಿದ್ದಕ್ಕೆ ಕ್ಷಮೆ ಕೇಳುತ್ತಾ ನಿಂತ ಹಾಗೆ ಇದು.

ಸರಿ, ಕೂತು ತಿದ್ದೋಣ ಅಂತ ಶುರು ಮಾಡಿದೆವು.

ಮೊದಲು ‘ಡಿಸ್ಟರ್ಬ್ ಮಾಡುತ್ತಿರುವುದಕ್ಕೆ ಸಾರಿ’ ತೆಗೆದೆವು. ಇದನ್ನು ತೆಗೆಯಲು ಅವನಿಗೆ ಜಾಸ್ತಿ ಹೊತ್ತು ಹಿಡಿಯಿತು, ಕರ್ಸರ್ ಅಲ್ಲೇ ಮಿಣಮಿಣ ಅನ್ನುತ್ತಾ ನಿಂತಿತ್ತು. ನಾನು ಹೇಳಿದೆ, ಅವರ ಟೈಮಿನ ಮೇಲೆ ಅಷ್ಟು ಕಾಳಜಿ ಇದ್ದರೆ ಅವರಿಗೆ ಓದುವುದನ್ನು ಕಮ್ಮಿ ಮಾಡು. ವಿಷಯದ ಸಾಲಿನಲ್ಲೇ ಎಷ್ಟು ದುಡ್ಡು, ಏನು ಬೇಕು, ಯಾವಾಗ ಬೇಕು ಅಂತ ಇದ್ದರೆ ಫೋನಿನ ಸ್ಕ್ರೀನಿನಲ್ಲೇ ಅರ್ಧ ಕೆಲಸ ಮುಗಿಯುತ್ತೆ. ಬ್ಯುಸಿ ಮನುಷ್ಯನಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇನ್ನೇನಿದೆ.

‘ನಿಮಗೆ ಗೊತ್ತಿದ್ದರೆ ಇಗ್ನೋರ್ ಮಾಡಿ’ ಅನ್ನುವುದು ವಿನಯದ ವೇಷದಲ್ಲಿರುವ ಕಳ್ಳ. ಓದುವವರ ಕೈಗೆ ನಾವೇ ಮೇಲ್ ಮುಚ್ಚಿಬಿಡಲು ಚೀಟಿ ಬರೆದುಕೊಟ್ಟ ಹಾಗೆ ಅದು. ತಲೆಗೆ ನೂರು ಕೆಲಸ ಇರುವವರು ಇಗ್ನೋರ್ ಅನ್ನುವ ಒಂದೇ ಪದವನ್ನು ಸರಿಯಾಗಿ ಓದಿಕೊಳ್ಳುತ್ತಾರೆ. ಆಗಸ್ಟಿನ ಮೇಲ್‌ನಲ್ಲೂ ಅದು ಇತ್ತಂತೆ. ಹೋಯ್ತು.

‘ಟೈಮ್ ಸಿಕ್ಕಾಗ’ ಕೂಡ ಹಾಗೇ. ಪೇಮೆಂಟ್ ಪಟ್ಟಿ ಬ್ಯಾಂಕಿಗೆ ಹೋಗುವುದು 17ಕ್ಕೆ. ಹೆಡ್ಡಿಗೆ 18ಕ್ಕೆ ಟೈಮ್ ಸಿಕ್ಕಿದರೆ ಏನು ಉಪಯೋಗ? ಗಡುವು ಕೊಡುವುದು ದೊಡ್ಡವರಿಗೆ ಆರ್ಡರ್ ಮಾಡಿದ ಹಾಗೆ ಅಂತ ಇವನ ಭಯ. ಗಡುವಿನ ಪಕ್ಕದಲ್ಲಿ ಅದರ ಕಾರಣ ಇಟ್ಟರೆ ಆ ಭಯ ಹೋಗುತ್ತೆ. ‘ನಾಳೆ ಮಧ್ಯಾಹ್ನದೊಳಗೆ ತಿಳಿಸಿ’ ಅಂದ್ರೆ ಆರ್ಡರ್. ‘17ಕ್ಕೆ ಪಟ್ಟಿ ಬ್ಯಾಂಕಿಗೆ ಹೋಗುತ್ತೆ, ನಾಳೆ ಮಧ್ಯಾಹ್ನದೊಳಗೆ ತಿಳಿಸಿದರೆ ಬದಲಿಸುತ್ತೇನೆ’ ಅಂದ್ರೆ ಗಡುವು ಹಾಕಿದ್ದು ಬ್ಯಾಂಕು, ಇವನಲ್ಲ.

ಇದನ್ನು ನಾನು ಪುಸ್ತಕ ಓದಿ ಕಲಿತಿದ್ದಲ್ಲ, ಒದೆ ತಿಂದು ಕಲಿತಿದ್ದು. 2015ರ ಕೊನೆಯಲ್ಲಿ ಜಿಮೇಲ್‌ಗೆ ಅಂತ ‘ಜಸ್ಟ್ ನಾಟ್ ಸಾರಿ’ ಅನ್ನುವ ಒಂದು ಕ್ರೋಮ್ ಪ್ಲಗಿನ್ ಬಂದಿತ್ತು. ನೀವು ಜಸ್ಟ್, ಸಾರಿ, ಐ ಥಿಂಕ್ ಅಂತ ಬರೆದರೆ ಸ್ಪೆಲಿಂಗ್ ತಪ್ಪಿದ ಹಾಗೆ ಕೆಳಗೆ ಗೆರೆ ಎಳೆಯುತ್ತಿತ್ತು. ಆಗ ನಾನೂ ಹೊಸಬಳೇ, ಹಾಕಿಕೊಂಡೆ, ಗೆರೆ ಬಿದ್ದದ್ದನ್ನೆಲ್ಲ ಕಿತ್ತು ಹಾಕತೊಡಗಿದೆ. ಒಂದು ದಿನ ಸ್ಟೋರ್ಸ್‌ನ ಹಿರಿಯರೊಬ್ಬರಿಗೆ ‘ಜಿಆರ್‌ಎನ್ ಕಾಪಿ ಇವತ್ತು ನಾಲ್ಕು ಗಂಟೆಯೊಳಗೆ ಕಳಿಸಿ’ ಅಂತ ಒಂದೇ ಸಾಲು ಬರೆದೆ. ಜಿಆರ್‌ಎನ್ ಅಂದ್ರೆ ಸಾಮಾನು ಬಂದು ಸೇರಿದೆ ಅಂತ ಸ್ಟೋರ್ಸ್‌ನವರು ಬರೆದುಕೊಡುವ ಚೀಟಿ. ನನ್ನ ಪ್ರಕಾರ ಕಾನ್ಫಿಡೆಂಟ್ ಮೇಲ್. ಅವರು ಕಾಪಿ ಕಳಿಸಲಿಲ್ಲ, ಅವರೇ ಬಂದರು. ನನ್ನ ಟೇಬಲ್ ಮುಂದೆ ನಿಂತು ‘ಏನಮ್ಮಾ, ನಾನು ಈ ಕಂಪನಿಗೆ ಬಂದಾಗ ನೀನು ಹುಟ್ಟಿದ್ಯಾ?’ ಅಂದರು. ಅದೇ ಸಾಲನ್ನು ನನ್ನ ಪಕ್ಕದ ಗಂಡು ಹುಡುಗ ಬರೆದಿದ್ದರೆ ಅಷ್ಟು ದೂರ ನಡೆದುಕೊಂಡು ಬರುತ್ತಿದ್ದರಾ ಅನ್ನುವುದು ಬೇರೆ ಮಾತು. ಬರುತ್ತಿರಲಿಲ್ಲ ಅಂತಲೇ ನನ್ನ ಲೆಕ್ಕ, ಈ ವಿಷಯದಲ್ಲಿ ಹೆಣ್ಣುಮಕ್ಕಳಿಗೆ ದಾರಿ ಇನ್ನೂ ಸಣ್ಣದು, ಮೆತ್ತಗೆ ಬರೆದರೆ ಪುಕ್ಕಲು, ನೇರ ಬರೆದರೆ ಜೋರು. ಆದರೂ ಆ ಮೇಲ್‌ನಲ್ಲಿ ಕೊರತೆ ಇದ್ದದ್ದು ನಿಜ. ಐದಕ್ಕೆ ಆಡಿಟರ್ ಹೊರಡುತ್ತಾರೆ, ಆ ಕಾಪಿ ಇಲ್ಲದಿದ್ದರೆ ಸ್ಟೋರ್ಸ್ ಹೆಸರಲ್ಲೇ ರಿಮಾರ್ಕ್ ಬೀಳುತ್ತೆ ಅಂತ ನಾನು ಹೇಳಲೇ ಇಲ್ಲ. ಸಾರಿ, ಪ್ಲೀಸ್ ಕಿತ್ತ ಜಾಗ ಖಾಲಿ ಇತ್ತು. ಅಲ್ಲಿ ಕಾರಣ ತಂದು ಕೂರಿಸಬೇಕು ಅಂತ ಆ ಪ್ಲಗಿನ್ ಹೇಳಿರಲಿಲ್ಲ, ಅದಕ್ಕೆ ಗೊತ್ತಿದ್ದದ್ದು ಗೆರೆ ಎಳೆಯುವುದು ಮಾತ್ರ.

ಅದಾದ ಮೇಲೆ ನಾನು ಎಲ್ಲ ಸಾರಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದನ್ನು ಬಿಟ್ಟೆ. ನಿಜವಾಗಿ ತಪ್ಪಾದಾಗ ಸಾರಿ ಇರಲೇಬೇಕು. ಇದೇ ಹುಡುಗ ಮೇ ತಿಂಗಳಲ್ಲಿ ಒಂದು ಬಿಲ್ಲನ್ನು ಎರಡು ಸಲ ಎಂಟ್ರಿ ಮಾಡಿದ್ದ. ಆಗ ಹಾಕಿದ ಮೇಲ್‌ನಲ್ಲಿ ನಾಲ್ಕು ಸಾರಿ, ಒಂದು ‘ವೆರಿ ವೆರಿ ಸಾರಿ’ ಸೇರಿ. ತಪ್ಪು ಸರಿ ಮಾಡಿದ್ದಾನಾ, ದುಡ್ಡು ಎರಡು ಸಲ ಹೋಗಿದೆಯಾ ಅಂತ ಮಾತ್ರ ಇರಲಿಲ್ಲ. ಅದನ್ನು ತಿಳಿಯಲು ನಾನು ಎದ್ದು ಅವನ ಟೇಬಲ್ಲಿಗೆ ಹೋಗಬೇಕಾಯ್ತು. ‘ಬಿಲ್ಲು ಎರಡು ಸಲ ಎಂಟ್ರಿ ಆಗಿತ್ತು, ತಪ್ಪು ನನ್ನದು, ಸಾರಿ. ಪೇಮೆಂಟ್ ಹೋಗುವ ಮೊದಲೇ ಒಂದನ್ನು ರಿವರ್ಸ್ ಮಾಡಿದ್ದೇನೆ’ ಅಂದಿದ್ದರೆ ಒಂದೇ ಸಾರಿ ಸಾಕಿತ್ತು, ಅದಕ್ಕೆ ತೂಕವೂ ಇರುತ್ತಿತ್ತು. ದಿನಕ್ಕೆ ಹತ್ತು ಸಾರಿ ಖರ್ಚು ಮಾಡುವವನ ಹತ್ತಿರ ನಿಜವಾಗಿ ಬೇಕಾದ ದಿನ ಚಿಲ್ಲರೆ ಬಿಟ್ಟು ಇನ್ನೇನೂ ಇರಲ್ಲ.

ಅರ್ಧ ಗಂಟೆ ಆದ ಮೇಲೆ ಮೇಲ್ ಹೀಗಾಯಿತು. ವಿಷಯದ ಸಾಲು: ‘ಸೆಪ್ಟೆಂಬರ್ ಬಿಲ್ 2ಬಿಯಲ್ಲಿಲ್ಲ: ₹1,26,000 ತಡೆಯಲು ನಾಳೆ ಮಧ್ಯಾಹ್ನದೊಳಗೆ ನಿಮ್ಮ ಒಪ್ಪಿಗೆ ಬೇಕು’.

‘ಸರ್, ಈ ವೆಂಡರ್‌ನ ಸೆಪ್ಟೆಂಬರಿನ ಒಂದು ಇನ್‌ವಾಯ್ಸ್ ನಮ್ಮ 2ಬಿಯಲ್ಲಿ ಬಂದಿಲ್ಲ. ತೆರಿಗೆ ₹1,26,000. ಈ ತಿಂಗಳ 3ಬಿಯಲ್ಲಿ ಇದರ ಕ್ರೆಡಿಟ್ ತೆಗೆದುಕೊಳ್ಳಲಾಗುವುದಿಲ್ಲ.

ಇವತ್ತು ಬೆಳಗ್ಗೆ ಇನ್‌ವಾಯ್ಸ್ ನಂಬರ್ ಮತ್ತು ಮೊತ್ತ ಎರಡರಿಂದಲೂ ಹುಡುಕಿದೆ. ಅವರ ಬೇರೆ ಮೂರು ಇನ್‌ವಾಯ್ಸ್ ಬಂದಿವೆ, ಅಂದರೆ ಅವರು ರಿಟರ್ನ್ ಫೈಲ್ ಮಾಡಿದ್ದಾರೆ. ಇದು ಯಾಕೆ ಬಿಟ್ಟಿದೆ ಅಂತ ಇನ್ನೂ ಗೊತ್ತಾಗಿಲ್ಲ, ಬೇರೆ ಗಿರಾಕಿಯ ನಂಬರಿಗೆ ಹಾಕಿರಬಹುದು. ಅವರ ಅಕೌಂಟೆಂಟ್ ಸಂಜೆ ನೋಡಿ ಹೇಳುತ್ತೇನೆ ಅಂದಿದ್ದಾರೆ.

17ಕ್ಕೆ ಇವರಿಗೆ ₹8,26,000 ಹೋಗಬೇಕು. ₹7,00,000 ಕೊಟ್ಟು, ತೆರಿಗೆಯ ಭಾಗವನ್ನು ಬಿಲ್ಲು 2ಬಿಯಲ್ಲಿ ಬರುವ ತನಕ ತಡೆಯಬಹುದು ಅಂತ ನನ್ನ ಸಲಹೆ. ನಾಳೆ ಮಧ್ಯಾಹ್ನದೊಳಗೆ ತಿಳಿಸಿದರೆ ಬ್ಯಾಂಕಿಗೆ ಹೋಗುವ ಪಟ್ಟಿಯಲ್ಲಿ ಬದಲಿಸುತ್ತೇನೆ. 2ಬಿ ಪಟ್ಟಿ ಮತ್ತು ಬಿಲ್ಲು ಜೊತೆಗಿಟ್ಟಿದ್ದೇನೆ. ಥ್ಯಾಂಕ್ಯೂ ಸರ್.’

ಇದರಲ್ಲಿ ‘ಬಹುದು’ ಎರಡು ಕಡೆ ಉಳಿದಿದೆ ನೋಡಿ, ಎರಡೂ ಬೇಕೆಂದೇ ಉಳಿಸಿದ್ದು. ಒಂದು ನಿಜವಾಗಿ ಗೊತ್ತಿಲ್ಲದ ಕಾರಣಕ್ಕೆ. ಇನ್ನೊಂದು ‘ತಡೆಯಬಹುದು ಅಂತ ನನ್ನ ಸಲಹೆ’ ಅನ್ನುವಲ್ಲಿ, ಯಾಕಂದ್ರೆ ತೀರ್ಮಾನ ಮಾಡಬೇಕಾದವರು ಅವರು. ವೆಂಡರ್ ಜೊತೆ ಅವರಿಗೆ ಬೇರೆ ಏನು ಮಾತಾಗಿದೆಯೋ ಇವನಿಗೆ ಗೊತ್ತಿಲ್ಲ. ಎರಡು ‘ಸರ್’ ಕೂಡ ಉಳಿದಿವೆ, ಒಂದು ಮೇಲೆ, ಒಂದು ಕೆಳಗೆ, ರಜಾ ಚೀಟಿಯಲ್ಲಿ ಇರುತ್ತಿದ್ದ ಜಾಗಗಳಲ್ಲೇ. ‘ರೆಸ್ಪೆಕ್ಟೆಡ್’ ಬಿಟ್ಟುಬಿಡು ಅಂದೆ, ಒಪ್ಪಲಿಲ್ಲ. ಆಮೇಲೆ ಅವನೇ ‘ಹಾಳಾಗ್ಲಿ’ ಅಂತ ತೆಗೆದ.

ಕಳಿಸುವ ಮೊದಲು ‘ಜೋರಾಯ್ತಾ ಮೇಡಂ?’ ಅಂತ ಮತ್ತೆ ಕೇಳಿದ. ಗಟ್ಟಿಯಾಗಿ ಓದು ಅಂದೆ, ಕನ್ನಡದಲ್ಲಿ, ಅವರೇ ಮುಂದೆ ಕೂತಿದ್ದಾರೆ ಅಂದ್ಕೊಂಡು. ಓದಿದ. ಓದುವಾಗ ಬಾಯಿಗೆ ತಾನಾಗೇ ‘ಬಂದಿಲ್ಲ ಸರ್’, ‘ತಡೀಬಹುದು ಅನ್ಸುತ್ತೆ ಸರ್, ನೀವು ಹೇಳಿ’ ಅಂತ ಬಂತು. ಕಿವಿಗೆ ಎಲ್ಲೂ ಜೋರು ಅನ್ನಿಸಲಿಲ್ಲ, ಅವನಿಗೂ ಅನ್ನಿಸಲಿಲ್ಲ. ಕಣ್ಣು ಮುಚ್ಚಿಕೊಂಡು ಸೆಂಡ್ ಒತ್ತಿದ.

ನಲವತ್ತು ನಿಮಿಷಕ್ಕೆ ಉತ್ತರ ಬಂತು. ‘ಸರಿ, ತಡೆಯಿರಿ. ವೆಂಡರ್ ಎಂಎಸ್‌ಎಂಇನಾ? ನೋಡಿದ್ದೀರಾ?’

ಅದು ಒಳ್ಳೆ ಪ್ರಶ್ನೆ. ಮಾರಿದವರು ನೋಂದಣಿಯಾದ ಮೈಕ್ರೋ ಅಥವಾ ಸ್ಮಾಲ್ ಉದ್ಯಮ ಆಗಿದ್ದರೆ ಅವರ ದುಡ್ಡನ್ನು ಬೇಕಾದಷ್ಟು ದಿನ ಇಟ್ಟುಕೊಳ್ಳುವ ಹಾಗಿಲ್ಲ. ಲಿಖಿತ ಒಪ್ಪಂದ ಇದ್ದರೂ 45 ದಿನ ದಾಟುವಂತಿಲ್ಲ, ಇಲ್ಲದಿದ್ದರೆ 15 ದಿನ. ಇವನು ನೋಡಿರಲಿಲ್ಲ. ನಿಜ ಹೇಳಬೇಕಂದ್ರೆ ನನಗೂ ಹೊಳೆದಿರಲಿಲ್ಲ, ಅರ್ಧ ಗಂಟೆ ಸಾರಿ ಕೀಳುವುದರಲ್ಲೇ ಹೋಗಿತ್ತು.

ಲ್ಯಾಪ್‌ಟಾಪ್ ಹಿಡಿದುಕೊಂಡು ಓಡಿ ಬಂದ. ಸ್ಕ್ರೀನಿನ ಮೇಲೆ ಆಗಲೇ ‘ಸೋ ಸಾರಿ ಸರ್’ ಅಂತ ಟೈಪ್ ಆಗಿತ್ತು. ‘ಮೇಡಂ, ಈಗ ಹಾಕಬಹುದಾ?’

‘ಮೊದಲು ಹೋಗಿ ಅವರ ಉದ್ಯಮ್ ಸರ್ಟಿಫಿಕೇಟ್ ಇದೆಯಾ ನೋಡು’ ಅಂದೆ.

ಹತ್ತು ನಿಮಿಷ ಬಿಟ್ಟು ಅವನು ಕಳಿಸಿದ ಮೇಲ್ ನನಗೂ ಸಿಸಿಯಲ್ಲಿ ಬಂತು. ‘ನೋಡಿರಲಿಲ್ಲ ಸರ್. ಈಗ ನೋಡಿದೆ. ಸ್ಮಾಲ್ ಅಂತ ನೋಂದಣಿ ಇದೆ. ಪರ್ಚೇಸ್ ಆರ್ಡರ್‌ನಲ್ಲಿ 45 ದಿನ ಅಂತ ಬರೆದಿದೆ, ಸಾಮಾನು ಬಂದದ್ದು ಸೆಪ್ಟೆಂಬರ್ 15, ಅಂದರೆ ಅಕ್ಟೋಬರ್ 30ರ ತನಕ ಟೈಮ್ ಇದೆ. ಅಷ್ಟರೊಳಗೆ ಅವರು ಸರಿ ಮಾಡದಿದ್ದರೆ ಏನು ಮಾಡಬೇಕು ಅಂತ 27ಕ್ಕೆ ನಿಮ್ಮನ್ನು ಕೇಳುತ್ತೇನೆ.’

ಓದಿ ತಲೆ ಎತ್ತಿದೆ. ಅವನು ಎರಡು ಟೇಬಲ್ ಆಚೆ ಕೂತು ನನ್ನ ಕಡೆಯೇ ನೋಡುತ್ತಿದ್ದ. ನಾನು ಸರಿ ಇದೆ ಅಂತ ತಲೆ ಆಡಿಸಿದೆ. ಅವನು ಖುಷಿಯಲ್ಲಿ ಎದ್ದ, ಕುರ್ಚಿ ಹಿಂದಕ್ಕೆ ಜರುಗಿ ಹಿಂದಿನ ಟೇಬಲ್ಲಿಗೆ ಬಡಿಯಿತು, ತಿರುಗಿ ಅದಕ್ಕೆ ಸಾರಿ ಅಂದ. ಆ ಟೇಬಲ್ಲಿನಲ್ಲಿ ಯಾರೂ ಇರಲಿಲ್ಲ.